ಮಗಳ ಮೊದಲ ಫೋನು ಮತ್ತು ಮನೆಯ ಪರ್ಸಿ ನೆಲ

ಪ್ರಶ್ನೆ: "ನಮ್ಮ ಮಗಳಿಗೆ ಹತ್ತು ವರ್ಷ, ಐದನೇ ತರಗತಿ. ಸಂಜೆ ಒಬ್ಬಳೇ ಟ್ಯೂಷನ್ನಿಗೆ ಹೋಗಿ ಬರುತ್ತಾಳೆ, ನಾವಿಬ್ಬರೂ ಕೆಲಸದಲ್ಲಿರುತ್ತೇವೆ. ಟೀಚರ್ ಕಳಿಸುವ ಪಾಠದ ವಿಡಿಯೋಗಳನ್ನೂ ಅವಳು ನೋಡಬೇಕು. 12,000 ರೂಪಾಯಿಯೊಳಗೆ ಒಂದು ಫೋನ್ ಕೊಡಿಸಬೇಕೆಂದಿದ್ದೇವೆ. ಅಂಗಡಿಯವರು ದೊಡ್ಡ ಪರದೆಯದು, 8 ಜಿಬಿ ರ‍್ಯಾಮ್, ಗ್ಲಾಸು ಒಡೆಯುವುದೇ ಇಲ್ಲ ಅಂತ ಒಂದನ್ನು ತೋರಿಸಿದರು. ನಮ್ಮ ಯಜಮಾನರು ತಮ್ಮ ನಾಲ್ಕು ವರ್ಷದ ಹಳೆಯ ಫೋನನ್ನೇ ಕೊಡೋಣ ಅಂತಾರೆ. ಮನೆಯಲ್ಲೆಲ್ಲ ಶಹಾಬಾದ್ ಪರ್ಸಿ ಕಲ್ಲಿನ ನೆಲ ಇದೆ, ಅವಳ ಕೈಯಿಂದ ಬಿದ್ದದ್ದು ಉಳಿಯುವುದಿಲ್ಲ. ಏನು ತಗೊಳ್ಳೋಣ, ಸರ್?"
– ಒಬ್ಬ ತಾಯಿ, ಕಲಬುರಗಿ

ಉತ್ತರ:

ನಮಸ್ಕಾರ ಅಮ್ಮಾ. ನೀವು ಬರೆದ ಎಲ್ಲದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಮಾತು ಪರ್ಸಿಯದು. ಫೋನ್ ರಿಪೇರಿಯ ಮೇಜಿನ ಮುಂದೆ ಇಷ್ಟು ವರ್ಷ ಕುಳಿತ ಮೇಲೆ ನಾನು ಕಂಡುಕೊಂಡಿರುವುದೇನೆಂದರೆ, ಹತ್ತು ವರ್ಷದ ಮಗುವಿನ ಫೋನ್ ಬೀಳುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಬಿದ್ದಾಗ ಏನು ಒಡೆಯುತ್ತದೆ, ಒಡೆದದ್ದನ್ನು ನಮ್ಮೂರಿನಲ್ಲಿಯೇ ಎಷ್ಟು ಹಣಕ್ಕೆ ಸರಿಮಾಡಿಸಬಹುದು ಎಂಬುದೇ ಪ್ರಶ್ನೆ. ಆದ್ದರಿಂದ 12,000 ರೂಪಾಯಿಯನ್ನು ಪೂರ್ತಿ ಫೋನಿನ ಮೇಲೆ ಹಾಕಬೇಡಿ. ಫೋನು, ಒಳ್ಳೆಯ ಕವರು ಮತ್ತು ಒಂದು ಸಲ ಪರದೆ ಬದಲಿಸುವ ಖರ್ಚು, ಈ ಮೂರೂ ಸೇರಿ ಆ ಮೊತ್ತದೊಳಗೆ ಬರಬೇಕು. ಮುಂದೆ ನಾನು ಹೇಳುವುದೆಲ್ಲ ಈ ಲೆಕ್ಕದ ಸುತ್ತಲೇ ಇದೆ.

ಒಡೆಯುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಕೆಲವು ತಿಂಗಳ ಹಿಂದೆ ಚಿತ್ತಾಪುರ ಕಡೆಯ ಒಬ್ಬ ತಂದೆ ಮಗನ ಫೋನ್ ತಂದಿದ್ದರು. ಮೇಲಿನ ಟೆಂಪರ್ಡ್ ಗ್ಲಾಸಿನ ಮೇಲೆ ಒಂದು ಗೀರೂ ಇರಲಿಲ್ಲ, ಆದರೆ ಅದರ ಕೆಳಗಿನ ಪರದೆ ಎಡಗಡೆಯ ಕೆಳಮೂಲೆಯಿಂದ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು. "ಗ್ಲಾಸು ಗಟ್ಟಿಯಾಗಿಯೇ ಇದೆಯಲ್ಲ, ಒಳಗಿನದು ಹೇಗೆ ಒಡೆಯಿತು?" ಎಂದು ಅವರು ಕೇಳಿದರು. ನಾನು ಅಂಚಿಗೆ ಶಾಖ ಕೊಟ್ಟು, ಅಂಟು ಬಿಡಿಸಿ, ಪರದೆಯನ್ನು ಎತ್ತಿ, ಫ್ರೇಮನ್ನು ಬೆಳಕಿಗೆ ಹಿಡಿದು ತೋರಿಸಿದೆ. ಪ್ಲಾಸ್ಟಿಕ್ ಫ್ರೇಮಿನ ಆ ಮೂಲೆ ಕೂದಲೆಳೆಯಷ್ಟು ಒಳಕ್ಕೆ ಬಾಗಿತ್ತು. ಫೋನ್ ಮೂಲೆಯ ಮೇಲೆ ಬಿದ್ದಿತ್ತು, ಪೆಟ್ಟು ತಿಂದ ಫ್ರೇಮು ಗಾಜಿನ ಅಂಚನ್ನು ಒತ್ತಿತ್ತು. ಗಾಜು ಮುಖದ ಮೇಲೆ ಬಲವಾಗಿರುತ್ತದೆ, ಅಂಚಿನಲ್ಲಿ ಬಲಹೀನವಾಗಿರುತ್ತದೆ. ಟೆಂಪರ್ಡ್ ಗ್ಲಾಸು ಮುಖವನ್ನು ಮಾತ್ರ ಕಾಯುತ್ತದೆ, ಮೂಲೆಗೆ ಬಿದ್ದ ಪೆಟ್ಟನ್ನು ಅದು ತಡೆಯಲಾರದು. ಆ ಹುಡುಗನ ಫೋನಿಗೆ ಇದ್ದದ್ದು ಪೆಟ್ಟಿಗೆಯೊಳಗೆ ಬಂದ ತೆಳ್ಳನೆಯ ಪಾರದರ್ಶಕ ಕವರು, ಅದರ ಮೂಲೆಗಳಲ್ಲಿ ದಪ್ಪವೇ ಇರಲಿಲ್ಲ.

ಇಲ್ಲಿ ತೂಕದ ಮಾತು ಬರುತ್ತದೆ. 200 ಗ್ರಾಂ ತೂಕದ ಫೋನ್ ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿರುತ್ತದೆ, ಅದರಲ್ಲಿ ಸುಮಾರು 2 ಜೂಲ್ ಶಕ್ತಿ ತುಂಬಿರುತ್ತದೆ. ಮಣ್ಣಿನ ನೆಲ ಸ್ವಲ್ಪ ತಗ್ಗಿ ಆ ಶಕ್ತಿಯಲ್ಲಿ ಒಂದು ಪಾಲನ್ನು ತಾನು ನುಂಗುತ್ತದೆ. ಪರ್ಸಿ ತಗ್ಗುವುದಿಲ್ಲ, ಹಾಗಾಗಿ ಅಷ್ಟೂ ಶಕ್ತಿಯನ್ನು ಫೋನೇ ತಾಳಿಕೊಳ್ಳಬೇಕು. ಫೋನಿನ ತೂಕ ಹೆಚ್ಚಿದಂತೆಲ್ಲ ಈ ಶಕ್ತಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ದೊಡ್ಡ ಪರದೆ, ದೊಡ್ಡ ಬ್ಯಾಟರಿ, ಹಿಂದೆಯೂ ಗಾಜು ಇರುವ 215 ಗ್ರಾಂ ಫೋನು ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಪರ್ಸಿಯ ಮೇಲೆ ಬಿದ್ದಾಗ ಆ ತೂಕವೇ ಅದಕ್ಕೆ ಶತ್ರು. ಹಿಂಭಾಗ ಪ್ಲಾಸ್ಟಿಕ್ಕಿನದಾಗಿದ್ದರೆ ಅದು ಅಗ್ಗದ ಲಕ್ಷಣವೆಂದು ಬೇಸರಪಡಬೇಡಿ. ಮಕ್ಕಳ ಫೋನಿಗೆ ಪ್ಲಾಸ್ಟಿಕ್ ಬೆನ್ನೇ ಸರಿ, ಬಿದ್ದರೆ ಒಡೆಯಲು ಗಾಜಿನ ಒಂದೇ ಮುಖ ಉಳಿಯುತ್ತದೆ.

"ಗ್ಲಾಸು ಒಡೆಯುವುದೇ ಇಲ್ಲ" ಎನ್ನುವ ಮಾತು ನಿಜವಲ್ಲ. ಬಲಪಡಿಸಿದ ಗಾಜು ಹೆಚ್ಚು ಪೆಟ್ಟು ತಾಳುತ್ತದೆ ಎಂಬುದು ಸತ್ಯ, ಒಡೆಯದು ಎಂಬುದು ಸುಳ್ಳು. ಅದೇ ರೀತಿ ಟೆಂಪರ್ಡ್ ಗ್ಲಾಸಿನ ಪೊಟ್ಟಣದ ಮೇಲಿನ ‘9ಎಚ್’ ಎಂಬುದು ಪೆನ್ಸಿಲ್ಲಿನ ಗಡಸುತನದ ಅಳತೆ. ಖನಿಜಗಳನ್ನು ಅಳೆಯುವ ಮೋಸ್ ಮಾನದಂಡದ 9 ಅಲ್ಲ. ಮೋಸ್ ಮಾನದಂಡದಲ್ಲಿ ಶಹಾಬಾದ್ ಕಲ್ಲು, ಅದು ಸುಣ್ಣಕಲ್ಲಾದ್ದರಿಂದ, ಸುಮಾರು 3ಕ್ಕೆ ನಿಲ್ಲುತ್ತದೆ. ಫೋನಿನ ಗಾಜು ಸಾಮಾನ್ಯವಾಗಿ 6ರ ಹತ್ತಿರ ಗೀರು ಬೀಳಲು ತೊಡಗುತ್ತದೆ. ಹೊಳೆಯ ಮರಳಿನಲ್ಲಿರುವ ಸ್ಫಟಿಕ ಶಿಲೆಯ ಕಣ 7. ಅಂದರೆ ನಿಮ್ಮ ನೆಲ ಗಾಜನ್ನು ಗೀರುವುದಿಲ್ಲ, ನೆಲದ ಮೇಲೆ, ಶಾಲೆಯ ಚೀಲದೊಳಗೆ, ಜೇಬಿನಲ್ಲಿ ಇರುವ ಮರಳು ಗೀರುತ್ತದೆ. ಗೀರು ಅಂದ ಕೆಡಿಸುವುದಷ್ಟೇ ಅಲ್ಲ, ಮುಂದಿನ ಸಲ ಬಿದ್ದಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅದಕ್ಕಾಗಿ ಟೆಂಪರ್ಡ್ ಗ್ಲಾಸು ಬೇಕು: ಗೀರು ಅದರ ಮೇಲೆ ಬೀಳಲಿ, ಆರು ತಿಂಗಳಿಗೊಮ್ಮೆ ನೂರು ರೂಪಾಯಿ ಕೊಟ್ಟು ಬದಲಿಸಿ.

ಪರದೆಯ ಜಾತಿಯೇ ಖರ್ಚನ್ನು ನಿರ್ಧರಿಸುವ ದೊಡ್ಡ ಸಂಗತಿ. ಈ ಬೆಲೆಯ ಫೋನುಗಳಲ್ಲಿ ಎಲ್‌ಸಿಡಿ ಮತ್ತು ಅಮೋಲೆಡ್ ಎಂಬ ಎರಡು ಬಗೆಯವು ಸಿಗುತ್ತವೆ. ಅಮೋಲೆಡ್‌ನಲ್ಲಿ ಬಣ್ಣ ಕಣ್ಣಿಗೆ ಹಿತ, ಕಪ್ಪು ನಿಜವಾಗಿ ಕಪ್ಪು. ಆದರೆ ಪೆಟ್ಟು ಬಿದ್ದರೆ ಅದರ ತೆಳ್ಳನೆಯ ಫಲಕ ಒಳಗೇ ಕಪ್ಪು ಮಸಿ ಚೆಲ್ಲಿದಂತಾಗಿ ಹರಡುತ್ತದೆ, ಹಲವು ಸಲ ಪೂರ್ತಿ ಕಣ್ಣು ಮುಚ್ಚುತ್ತದೆ. ಎಲ್‌ಸಿಡಿಯಲ್ಲಿ ಮೇಲಿನ ಗಾಜು ಒಡೆದರೂ ಎಷ್ಟೋ ಸಲ ಚಿತ್ರ, ಟಚ್ ಎರಡೂ ಕೆಲಸ ಮಾಡುತ್ತಿರುತ್ತವೆ, ಸಂಬಳ ಬರುವವರೆಗೆ ಕಾಯಬಹುದು. ಇಂದು ಎರಡರಲ್ಲೂ ಗಾಜು, ಟಚ್, ಚಿತ್ರ ತೋರುವ ಫಲಕ ಒಟ್ಟಿಗೆ ಅಂಟಿಕೊಂಡೇ ಬರುತ್ತವೆ, ನಾವು ರಿಪೇರಿಯವರು ಅದನ್ನು ಕಾಂಬೋ ಅಥವಾ ಫೋಲ್ಡರ್ ಎನ್ನುತ್ತೇವೆ. ಹೆಚ್ಚು ಮಾರಾಟವಾದ ಎಲ್‌ಸಿಡಿ ಫೋನಿನ ಕಾಂಬೋ ಕೂಲಿ ಸೇರಿ 1,500ರಿಂದ 2,000 ರೂಪಾಯಿಯ ಆಸುಪಾಸಿನಲ್ಲಿ ಆಗುತ್ತದೆ. ಒಳ್ಳೆಯ ಅಮೋಲೆಡ್ ಹಾಕಿಸಲು ಅದರ ಎರಡು, ಮೂರು ಪಟ್ಟು ಹಣ ಬೇಕಾಗುತ್ತದೆ. ಅಂಚಿನಲ್ಲಿ ಬಾಗಿದ ಪರದೆಯನ್ನಂತೂ ಮಗುವಿಗೆ ಕೊಡಿಸಲೇಬೇಡಿ, ಅದಕ್ಕೆ ಗಾಜಿನ ರಕ್ಷಣೆಯೂ ಸರಿಯಾಗಿ ಕೂರುವುದಿಲ್ಲ.

ಹಾಗಾಗಿ ಫೋನ್ ಕೊಳ್ಳುವ ಅಂಗಡಿಗೆ ಹೋಗುವ ಮೊದಲು ರಿಪೇರಿ ಅಂಗಡಿಗೆ ಹೋಗಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಇಂಥ ಎರಡು ಅಂಗಡಿಗಳಲ್ಲಿ ನೀವು ಮನಸ್ಸಿನಲ್ಲಿಟ್ಟುಕೊಂಡ ಮಾಡೆಲ್ಲಿನ ಹೆಸರು ಹೇಳಿ, "ಇದರ ಕಾಂಬೋ ಈಗಲೇ ಇದೆಯಾ, ಎಷ್ಟು?" ಎಂದು ಕೇಳಿ. "ಇದೆ, ಇಂತಿಷ್ಟು" ಎಂದರೆ ಆ ಮಾಡೆಲ್ ಒಳ್ಳೆಯದು. "ಹೈದರಾಬಾದಿನಿಂದ ತರಿಸಬೇಕು, ನಾಲ್ಕು ದಿನ ಆಗ್ತದ" ಎಂದರೆ ತರಿಸಿಕೊಳ್ಳಬಹುದು, ಆದರೆ ಅಷ್ಟು ದಿನ ಮಗಳ ಕೈಯಲ್ಲಿ ಫೋನ್ ಇರುವುದಿಲ್ಲವೆಂದು ತಿಳಿದಿರಿ. "ಈ ಮಾಡೆಲ್ ಹೊಸದು, ಇನ್ನೂ ಬಂದಿಲ್ಲ" ಎಂದರೆ ಅದನ್ನು ಬಿಡಿ. ಬಿಡುಗಡೆಯಾಗಿ ಆರೇಳು ತಿಂಗಳಾಗಿ, ಊರಲ್ಲಿ ನಾಲ್ಕು ಜನರ ಕೈಯಲ್ಲಿ ಕಾಣುವ ಮಾಡೆಲ್ಲಿಗೇ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಅದೇ ಹೊತ್ತಿನಲ್ಲಿ ಚಾರ್ಜಿಂಗ್ ಬೋರ್ಡು ಬೇರೆಯಾಗಿ ಸಿಗುತ್ತದೆಯೇ ಎಂದೂ ಕೇಳಿಕೊಳ್ಳಿ. ಮಕ್ಕಳು ಕೇಬಲ್ಲನ್ನು ಓರೆಯಾಗಿ ಚುಚ್ಚಿ ಪಿನ್ ಹಾಳುಮಾಡುವುದು ಪರದೆ ಒಡೆಯುವುದರ ನಂತರದ ಸಾಮಾನ್ಯ ದೂರು. ಆ ಬೋರ್ಡು ಬೇರೆಯಾಗಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ, ಪಿನ್ನು ಮುಖ್ಯ ಬೋರ್ಡಿಗೇ ಬೆಸುಗೆಯಾಗಿದ್ದರೆ ಕೈಚಳಕದ ಕೆಲಸ, ಖರ್ಚೂ ಹೆಚ್ಚು.

ಕವರನ್ನು ಹೀಗೆ ಪರೀಕ್ಷಿಸಿ. ಫೋನಿಗೆ ಹಾಕಿ, ಟೆಂಪರ್ಡ್ ಗ್ಲಾಸನ್ನೂ ಅಂಟಿಸಿದ ಮೇಲೆ, ಮುಖ ಕೆಳಗೆ ಮಾಡಿ ಅಂಗಡಿಯ ಗಾಜಿನ ಕೌಂಟರಿನ ಮೇಲಿಡಿ. ಪರದೆಗೂ ಕೌಂಟರಿಗೂ ನಡುವೆ ಒಂದು ದಪ್ಪ ಕಾಗದದ ಚೀಟಿ ಸಲೀಸಾಗಿ ಹಾಯಬೇಕು, ಅಂದರೆ ಕವರಿನ ಅಂಚು ಸುಮಾರು ಒಂದು ಮಿಲಿಮೀಟರಿನಷ್ಟು ಎದ್ದಿರಬೇಕು. ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗೆ ತಗ್ಗಬೇಕು. ಮೂಲೆಯೊಳಗೆ ಗಾಳಿಯ ಪುಟ್ಟ ಪೊಳ್ಳು ಇರುವ ಕವರುಗಳು 250ರಿಂದ 400 ರೂಪಾಯಿಗೆ ಸಿಗುತ್ತವೆ, ಅವು ಸಾಕು. ಒಂದು ಎಚ್ಚರಿಕೆ ನಮ್ಮ ಬಿಸಿಲಿನ ಸಲುವಾಗಿ: ದಪ್ಪ ಕವರು ಶಾಖವನ್ನೂ ಹಿಡಿದಿಡುತ್ತದೆ. ಲಿಥಿಯಂ ಬ್ಯಾಟರಿ 45 ಡಿಗ್ರಿಗಿಂತ ಬಿಸಿಯಾಗಿರುವಾಗ ಚಾರ್ಜ್ ಮಾಡುವುದು ಅದಕ್ಕೆ ಹಾನಿ. ಮೇ ತಿಂಗಳಲ್ಲಿ ಕಲಬುರಗಿಯ ಹೊರಗಿನ ಗಾಳಿಯೇ 42, 43 ಡಿಗ್ರಿ ಮುಟ್ಟುವುದರಿಂದ, ಬೇಸಿಗೆಯಲ್ಲಿ ಚಾರ್ಜಿಗೆ ಹಾಕುವಾಗ ಕವರು ತೆಗೆದು, ಅದೇ ಪರ್ಸಿಯ ತಂಪಿನ ಮೇಲೆ ಇಡುವ ರೂಢಿ ಮಾಡಿಸಿ.

ಪೆಟ್ಟಿಗೆಯ ಮೇಲಿನ ‘ಮಿಲಿಟರಿ ಗ್ರೇಡ್’ ಎಂಬ ಮುದ್ರೆಗೆ ಹೆಚ್ಚು ಹಣ ಕೊಡಬೇಡಿ. ಅದರ ಹಿಂದಿರುವ ಅಮೆರಿಕದ ಸೇನೆಯ ಪರೀಕ್ಷಾ ವಿಧಾನದಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುವ ಪರೀಕ್ಷೆ ಇರುವುದು ನಿಜ, ಆದರೆ ಆ ಸಲಗಳನ್ನು ಐದು ನಗಗಳ ನಡುವೆ ಹಂಚಲು ಅವಕಾಶವಿದೆ. ಯಾವ ಪರೀಕ್ಷೆ ಮಾಡಬೇಕೆಂಬುದನ್ನು ತಯಾರಕರೇ ಆರಿಸಿಕೊಳ್ಳುತ್ತಾರೆ, ಸೇನೆ ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಐಪಿ ಅಂಕಿಗೆ ಮಾತ್ರ ಬೆಲೆಯಿದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ 54 ಎಂದರೆ ಕೆಲಸ ಕೆಡಿಸುವಷ್ಟು ಧೂಳು ಒಳಗೆ ಹೋಗುವುದಿಲ್ಲ, ನೀರು ಸಿಡಿದರೆ ತಾಳುತ್ತದೆ. ಐಪಿ 64 ಎಂದರೆ ಧೂಳಿಗೆ ಪೂರ್ತಿ ತಡೆ. ಮಳೆಯಲ್ಲಿ ಟ್ಯೂಷನ್ನಿನಿಂದ ಬರುವ ಮಗುವಿಗೆ ಇಷ್ಟು ಸಾಕು. ಒಮ್ಮೆ ಪರದೆ ಬದಲಿಸಿದ ಮೇಲೆ ಈ ಭರವಸೆಯನ್ನು ಮರೆತುಬಿಡಬೇಕು, ಕಾರ್ಖಾನೆಯ ಅಂಟನ್ನು ನಾವು ಹಾಗೆಯೇ ಮರಳಿ ಕೂರಿಸಲಾರೆವು.

ಪರದೆಯ ಗಾತ್ರವನ್ನು ಇಂಚಿನಲ್ಲಿ ಅಳೆಯುವುದಕ್ಕಿಂತ ಮಗಳ ಕೈಯಲ್ಲಿ ಅಳೆಯುವುದು ಒಳ್ಳೆಯದು. ಈಗಿನ ಕಡಿಮೆ ಬೆಲೆಯ ಫೋನುಗಳು ಬಹುಪಾಲು 6.5ರಿಂದ 6.9 ಇಂಚಿನವು, ಉದ್ದ 165 ಮಿಲಿಮೀಟರಿನ ಸುತ್ತಮುತ್ತ. ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ಮಗಳ ಕೈಯನ್ನು ಅಳೆದು ನೋಡಿ, ಫೋನು ಅದಕ್ಕಿಂತ ಉದ್ದವಾಗಿರುವ ಸಾಧ್ಯತೆಯೇ ಹೆಚ್ಚು. ಉದ್ದವನ್ನು ಸಹಿಸಬಹುದು, ಅಗಲವನ್ನು ಸಹಿಸಲಾಗದು, ಯಾಕೆಂದರೆ ಜಾರುವುದು ಹಿಡಿತ ಸಾಲದೆ. ಅವಳನ್ನೇ ಅಂಗಡಿಗೆ ಕರೆದೊಯ್ಯಿರಿ. ಕವರು ಹಾಕಿದ ಫೋನನ್ನು ಒಂದೇ ಕೈಯಲ್ಲಿ ಹಿಡಿದು, ಕರೆ ಬಂದಾಗ ಮಾಡುವಂತೆ ಹೆಬ್ಬೆರಳಿನಿಂದ ಪರದೆಯ ನಡುಭಾಗ ದಾಟಿ ಮುಟ್ಟಲು ಹೇಳಿ. ಹಾಗೆ ಮಾಡುವಾಗ ಅವಳು ಫೋನನ್ನು ಅಂಗೈಯಿಂದ ಬೆರಳ ತುದಿಗೆ ಸರಿಸಿಕೊಂಡರೆ ಆ ಫೋನ್ ಬೀಳುವ ಫೋನು. 75, 76 ಮಿಲಿಮೀಟರ್ ಅಗಲ, 190 ಗ್ರಾಂ ಒಳಗಿನ ತೂಕ ಎಂಬುದು ನನ್ನ ಅಂದಾಜಿನ ಮಿತಿ. ದೊಡ್ಡ ಪರದೆ ಕಣ್ಣಿಗೆ ಹೆಚ್ಚು ಕೆಡುಕು ಎಂಬುದು ತಪ್ಪು ತಿಳಿವಳಿಕೆ. ಪರದೆ ತೀರ ಚಿಕ್ಕದಾದರೆ ಮಕ್ಕಳು ಅದನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ, ಕಣ್ಣಿಗೆ ದಣಿವಾಗುವುದು ಹತ್ತಿರ ಹಿಡಿದು ಬಹಳ ಹೊತ್ತು ನೋಡುವುದರಿಂದ. 6.5 ಇಂಚಿನದು ಪಾಠದ ವಿಡಿಯೋದಲ್ಲಿ ಬೋರ್ಡಿನ ಮೇಲೆ ಬರೆದ ಅಕ್ಷರ ಓದಲು ಸಾಲುತ್ತದೆ.

ಇನ್ನು ‘8 ಜಿಬಿ ರ‍್ಯಾಮ್’. ತೆರೆದ ಆ್ಯಪ್‌ಗಳು ಕೆಲಸ ಮಾಡುವ ಜಾಗ ಅದು, ಫೋಟೋ, ವಿಡಿಯೋ, ಆ್ಯಪ್ ಉಳಿಸಿಡುವ ಜಾಗ ಸ್ಟೋರೇಜು. ಅಂಗಡಿಯಲ್ಲಿಯೇ Settings ತೆರೆದು About phone ನೋಡಿ. ಅಲ್ಲಿ 4 + 4 ಎಂದಿದ್ದರೆ ನಿಜವಾದ ರ‍್ಯಾಮ್ 4 ಜಿಬಿ ಮಾತ್ರ. ಉಳಿದ 4 ಜಿಬಿಯನ್ನು ಸ್ಟೋರೇಜಿನಿಂದ ಎರವಲು ಪಡೆದು ರ‍್ಯಾಮಿನ ಲೆಕ್ಕಕ್ಕೆ ಸೇರಿಸಿದ್ದಾರೆ. ಸ್ಟೋರೇಜು ರ‍್ಯಾಮಿಗಿಂತ ಎಷ್ಟೋ ಪಟ್ಟು ನಿಧಾನವಾದ್ದರಿಂದ ಅದರಿಂದ ಫೋನು ಚುರುಕಾಗುವುದಿಲ್ಲ, ಮೊದಲೇ ಕಡಿಮೆಯಿರುವ ಜಾಗದಲ್ಲಿ 4 ಜಿಬಿ ಕಳೆದುಹೋಗುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಬಹುದು, ನಿಲ್ಲಿಸಿ. ನಿಮ್ಮ ಮಗಳ ಕೆಲಸಕ್ಕೆ 4 ಜಿಬಿ ನಡೆಯುತ್ತದೆ, 6 ಜಿಬಿ ಸಿಕ್ಕರೆ ಒಂದು ವರ್ಷ ಹೆಚ್ಚು ನಿಶ್ಚಿಂತೆ.

ಸ್ಟೋರೇಜಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಫೋನಿನ ಸ್ಟೋರೇಜು ಕೆಲಸ ಮಾಡುವ ರೀತಿ ಒಂದು ವಿಚಿತ್ರವಾದ ಪಾಟಿಯಂತೆ: ಖಾಲಿ ಸಾಲಿನಲ್ಲಿ ಬರೆಯಬಹುದು, ಆದರೆ ಒಂದೇ ಸಾಲನ್ನು ಒರೆಸಲು ಬರುವುದಿಲ್ಲ, ಒರೆಸಿದರೆ ಇಡೀ ಪಾಟಿಯನ್ನೇ ಒರೆಸಬೇಕು. ಹಾಗಾಗಿ ಒಂದು ಸಾಲು ಬದಲಿಸಬೇಕಾದಾಗ ಉಳಿದ ಸಾಲುಗಳನ್ನು ಬೇರೊಂದು ಖಾಲಿ ಪಾಟಿಗೆ ನಕಲು ಮಾಡಿ, ಆಮೇಲೆ ಹಳೆಯದನ್ನು ಒರೆಸುತ್ತದೆ. ಖಾಲಿ ಪಾಟಿಗಳು ಸಾಕಷ್ಟಿರುವವರೆಗೆ ಈ ಕೆಲಸ ನಮಗೆ ತಿಳಿಯದಂತೆ ನಡೆಯುತ್ತದೆ. ಜಾಗ ತುಂಬಿದ ಮೇಲೆ ಪ್ರತಿಯೊಂದು ಬರಹಕ್ಕೂ ಈ ಗೋಳಾಟ ನಡೆದು ಫೋನು ಕ್ಷಣಕ್ಷಣಕ್ಕೂ ನಿಲ್ಲತೊಡಗುತ್ತದೆ. "ಫೋನ್ ಹ್ಯಾಂಗ್ ಆಗ್ತದ" ಎಂದು ನನ್ನ ಬಳಿ ಬರುವ ಮಕ್ಕಳ ಫೋನುಗಳಲ್ಲಿ ಬಹಳಷ್ಟಕ್ಕೆ ಇದೇ ಕಾಯಿಲೆ, ಫೋನಿನಲ್ಲಿ ಬೇರೇನೂ ಕೆಟ್ಟಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. 64 ಜಿಬಿ ಎಂದು ಮಾರುವ ಫೋನಿನಲ್ಲಿ ಆಂಡ್ರಾಯ್ಡ್ ಮತ್ತು ಕಂಪನಿಯ ಆ್ಯಪ್‌ಗಳು 15ರಿಂದ 20 ಜಿಬಿ ಹಿಡಿದಿರುತ್ತವೆ, ಕೈಗೆ ಸಿಗುವುದು 45 ಜಿಬಿಯ ಆಸುಪಾಸು. ಅದರಲ್ಲಿ ಏಳೆಂಟು ಜಿಬಿ ಸದಾ ಖಾಲಿ ಇರಬೇಕು. ಮಗಳು ತಮ್ಮನ ಆಟವನ್ನು ಫುಲ್ ಎಚ್‌ಡಿಯಲ್ಲಿ ವಿಡಿಯೋ ಮಾಡಿದರೆ ನಿಮಿಷಕ್ಕೆ ಸುಮಾರು 100 ಎಂಬಿ, ಹತ್ತು ನಿಮಿಷಕ್ಕೆ ಒಂದು ಜಿಬಿ ಹೋಯಿತು. ಅದರ ಜೊತೆಗೆ ವಾಟ್ಸ್‌ಆ್ಯಪ್ ಗುಂಪಿನ ವಿಡಿಯೋಗಳು, ಒಂದೆರಡು ಆಟಗಳು, ಆ್ಯಪ್‌ಗಳ ಅಪ್‌ಡೇಟುಗಳು ಸೇರಿದರೆ ಒಂದು ವರ್ಷದೊಳಗೆ ಜಾಗ ಮುಗಿಯುತ್ತದೆ. 128 ಜಿಬಿಯದರಲ್ಲಿ ಈ ತೊಂದರೆ ಎರಡು, ಮೂರು ವರ್ಷ ಸುಳಿಯುವುದಿಲ್ಲ. "ಕಾರ್ಡ್ ಹಾಕಿಕೊಳ್ಳಿ" ಎನ್ನುತ್ತಾರೆ. ಕಾರ್ಡಿನಲ್ಲಿ ಫೋಟೋ, ಪಾಠದ ವಿಡಿಯೋ ಇಡಬಹುದು, ಆ್ಯಪ್‌ಗಳ ಹೊರೆ ಒಳಗಿನ ಸ್ಟೋರೇಜಿನ ಮೇಲೆಯೇ ಉಳಿಯುತ್ತದೆ. ಹಾಗಾಗಿ ಕಾರ್ಡಿನ ಜಾಗ ಇದ್ದರೆ ಲಾಭ, ಅದನ್ನು ನಂಬಿ 64ಕ್ಕೆ ಇಳಿಯಬಾರದು. ಒಂದೇ ಬೆಲೆಯ ಎರಡು ಫೋನುಗಳಲ್ಲಿ ಒಂದರ ಸ್ಟೋರೇಜು ಹಳೆಯ ಬಗೆಯ ಇಎಂಎಂಸಿ, ಇನ್ನೊಂದರದು ಹೊಸ ಬಗೆಯ ಯುಎಫ್‌ಎಸ್ ಆಗಿದ್ದರೆ ಯುಎಫ್‌ಎಸ್ ತೆಗೆದುಕೊಳ್ಳಿ, ಅದು ಏಕಕಾಲಕ್ಕೆ ಓದಿ ಬರೆಯಬಲ್ಲದು, ಹಳೆಯದಾದ ಮೇಲೂ ಅಷ್ಟಾಗಿ ಸೊರಗುವುದಿಲ್ಲ.

ಯಜಮಾನರ ಹಳೆಯ ಫೋನಿನ ಮಾತನ್ನು ತಳ್ಳಿಹಾಕಬೇಡಿ, ಮೂರು ವಿಷಯ ನೋಡಿ ತೀರ್ಮಾನಿಸಿ. ಕವರು ತೆಗೆದು ಬೆನ್ನು ಕೆಳಗೆ ಮಾಡಿ ಪರ್ಸಿಯ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಕ್ಯಾಮೆರಾ ಉಬ್ಬಿನ ಕಾರಣ ಒಂದು ಮೂಲೆಯಲ್ಲಿ ಅಲುಗಿದರೆ ಚಿಂತೆಯಿಲ್ಲ. ನಡುಭಾಗವೇ ಉಬ್ಬಿ ಬುಗುರಿಯಂತೆ ತಿರುಗಿದರೆ ಅಥವಾ ಹಿಂದಿನ ಮುಚ್ಚಳ ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಅಂಥದನ್ನು ಬ್ಯಾಟರಿ ಬದಲಿಸುವವರೆಗೆ ಚಾರ್ಜಿಗೂ ಹಾಕಬಾರದು, ಮಗುವಿನ ಕೈಗಂತೂ ಕೊಡಲೇಬಾರದು. ಎರಡನೆಯದಾಗಿ, ಸೆಟ್ಟಿಂಗಿನಲ್ಲಿ ಆಂಡ್ರಾಯ್ಡ್ ಸುರಕ್ಷತಾ ಅಪ್‌ಡೇಟಿನ ದಿನಾಂಕ ನೋಡಿ. ಒಂದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸದು ಬರದಿದ್ದರೆ ಕಂಪನಿ ಆ ಫೋನನ್ನು ಕೈಬಿಟ್ಟಿದೆ ಎಂದರ್ಥ. ಮೂರನೆಯದಾಗಿ ಸ್ಟೋರೇಜು 64 ಜಿಬಿಗಿಂತ ಕಡಿಮೆ ಇರಬಾರದು, ಇದ್ದದ್ದನ್ನೂ ಪೂರ್ತಿ ಅಳಿಸಿ ಹೊಸದಾಗಿಸಿಯೇ ಕೊಡಬೇಕು. ಈ ಮೂರೂ ಸರಿಯಿದ್ದರೆ ಸಾವಿರ ಚಿಲ್ಲರೆಯ ಹೊಸ ಬ್ಯಾಟರಿ, ಮುನ್ನೂರರ ಕವರು ಹಾಕಿಸಿ ಮೊದಲ ವರ್ಷ ಅದನ್ನೇ ಕೊಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಜಾಣತನ. ಮೊದಲ ವರ್ಷವೇ ಅತಿ ಹೆಚ್ಚು ಬೀಳುವ ವರ್ಷ.

ಅವು ಸರಿಯಿಲ್ಲದಿದ್ದರೆ ಹೊಸದಕ್ಕೆ ಹೋಗಿ. ಕರೆಗಾಗಿ ಮಾತ್ರವಾಗಿದ್ದರೆ ನಾನು 2,000 ರೂಪಾಯಿಯ 4ಜಿ ಕೀಪ್ಯಾಡ್ ಫೋನನ್ನೇ ಹೇಳುತ್ತಿದ್ದೆ. ಅದು ಪರ್ಸಿಯ ಮೇಲೆ ಬಿದ್ದರೆ ಬ್ಯಾಟರಿ ಒಂದು ಕಡೆ, ಮುಚ್ಚಳ ಒಂದು ಕಡೆ ಹಾರುತ್ತವೆ, ಮರಳಿ ಕೂರಿಸಿದರೆ ಮುಗಿಯಿತು. ಪಾಠದ ವಿಡಿಯೋ ಇರುವುದರಿಂದ ಅದು ಸಾಲದು. ವಿಡಿಯೋವನ್ನು ರಾತ್ರಿ ನಿಮ್ಮ ಫೋನಿನಲ್ಲಿ ತೋರಿಸಲು ಆಗುವುದಾದರೆ ಆ ದಾರಿಯೂ ತೆರೆದಿದೆ. ರಬ್ಬರ್ ಹೊದಿಕೆಯ ‘ರಗ್ಗಡ್’ ಫೋನುಗಳು ಬಹುಪಾಲು 300 ಗ್ರಾಂ ದಾಟುತ್ತವೆ, ಬಿಡಿಭಾಗ ಇಲ್ಲಿ ಸಿಗುವುದಿಲ್ಲ, ಅವು ಬೇಡ.

ನಿಮ್ಮ ಹಣದ ಹಂಚಿಕೆಯನ್ನು ಹೀಗೆ ಮಾಡಿಕೊಳ್ಳಿ. ಚಪ್ಪಟೆ ಎಲ್‌ಸಿಡಿ ಪರದೆ, ಪ್ಲಾಸ್ಟಿಕ್ ಬೆನ್ನು, ನಿಜವಾದ 4 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜು ಇರುವ, ಊರಲ್ಲಿ ಕಾಂಬೋ ಸಿಗುವ ಮಾಡೆಲ್ಲಿಗೆ 9,500 ರೂಪಾಯಿ. ಕವರು ಮತ್ತು ಟೆಂಪರ್ಡ್ ಗ್ಲಾಸಿಗೆ 500. ಉಳಿದ 2,000ವನ್ನು ಬೇರೆ ತೆಗೆದಿಡಿ, ಅದು ಮೊದಲ ಕಾಂಬೋದ ಹಣ. ಅಂಗಡಿಯವರು ಅದೇ 2,000 ಸೇರಿಸಿದರೆ ಅಮೋಲೆಡ್ ಸಿಗುತ್ತದೆ ಎಂದು ಖಂಡಿತ ಹೇಳುತ್ತಾರೆ. ಆಗ ಪರದೆ ಒಡೆದ ದಿನ ನಿಮ್ಮ ಕೈಯಲ್ಲಿ ಹಣವಿರುವುದಿಲ್ಲ, ಖರ್ಚು ಮಾತ್ರ ಎರಡು ಪಟ್ಟು ಇರುತ್ತದೆ.

ಫೋನು ಮೊದಲ ಸಲ ಬಿದ್ದ ದಿನ ಒಂದು ಪರೀಕ್ಷೆ ಮಾಡಿ. ಟಿಪ್ಪಣಿ ಬರೆಯುವ ಯಾವುದಾದರೂ ಆ್ಯಪ್ ತೆರೆದು, ನಾಲ್ಕೂ ಅಂಚುಗಳ ಉದ್ದಕ್ಕೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಎಲ್ಲಿಯಾದರೂ ತುಂಡಾದರೆ ಅಲ್ಲಿ ಟಚ್ ಸತ್ತಿದೆ. ಬಿಳಿ ಚಿತ್ರ ತೆರೆದು ಮೂಲೆಗಳಲ್ಲಿ ಮಸಿಯಂಥ ಕಲೆ ಇದೆಯೇ ನೋಡಿ, ಇದ್ದರೆ ಅದರ ಸುತ್ತ ಪೆನ್ನಿನಿಂದ ಟೆಂಪರ್ಡ್ ಗ್ಲಾಸಿನ ಮೇಲೆ ಗುರುತು ಹಾಕಿಡಿ. ಎರಡು ದಿನದಲ್ಲಿ ಕಲೆ ಗುರುತನ್ನು ದಾಟಿದ್ದರೆ ಪರದೆ ಪೂರ್ತಿ ಹೋಗುವ ಮೊದಲೇ ಫೋಟೋಗಳನ್ನೂ ಪಾಠಗಳನ್ನೂ ಬೇರೆ ಕಡೆ ತೆಗೆದಿಟ್ಟು ರಿಪೇರಿಗೆ ತನ್ನಿ. ಪರದೆ ಕಪ್ಪಾದ ಮೇಲೆ ಲಾಕ್ ತೆರೆಯಲು ಆಗದೆ, ಅವುಗಳನ್ನು ಹೊರತೆಗೆಯಲಿಕ್ಕೆಂದೇ ಹೊಸ ಕಾಂಬೋ ಹಾಕಿಸಬೇಕಾಗುತ್ತದೆ.